ಅಜ್ಜಿಯ ಒಂದೂವರೆ ಕ್ವಿಂಟಾಲ್ ಬೀಜ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮನೆಯಲ್ಲೂ ಹಾಗೇ, ಕುಂದಾಣದ ಹತ್ತಿರ ನಾನು ಕಂಪ್ಯೂಟರ್ ಕೆಲಸಕ್ಕಿರುವ ರೈತರ ಬೀಜ ಸಂಘದಲ್ಲೂ ಹಾಗೇ. ಆ ಸಿಟ್ಟಿನಿಂದ ನಾನು ಕಳೆದುಕೊಂಡಿದ್ದು ಏನೂ ಇಲ್ಲ. ಕಳೆದುಕೊಂಡವರು ಬೇರೆಯವರು.

ಸುಗ್ಗಿ ಮುಗಿದ ಮೇಲೆ ಸುತ್ತಲಿನ ಊರಿನವರು ತಮ್ಮ ಹಳೇ ತಳಿಯ ರಾಗಿ ತಂದುಕೊಡುತ್ತಿದ್ದರು. ಅದನ್ನು ಶುಚಿ ಮಾಡಿಟ್ಟು ಬಿತ್ತನೆ ಹೊತ್ತಿಗೆ ಬೇಕಾದವರಿಗೆ ಹಂಚುವುದು ಸಂಘದ ಕೆಲಸ. ಇಪ್ಪತ್ತೈದು ಕೆಜಿಗಿಂತ ಕಮ್ಮಿ ಬಂದ ರಾಗಿಯನ್ನು ಶುಚಿ ಮಾಡುವ ಯಂತ್ರಕ್ಕೆ ಹಾಕುತ್ತಿರಲಿಲ್ಲ, ಹಿಟ್ಟಿಗೆಂದು ಗಿರಣಿಗೆ ಕಳಿಸುತ್ತಿದ್ದೆವು. ಇದನ್ನು ಎಲ್ಲರಿಗೂ ಮೊದಲೇ ಹೇಳಿರುತ್ತಿದ್ದೆವು.

ಸಂಕ್ರಾಂತಿ ಕಳೆದ ವಾರ ಒಬ್ಬ ಅಜ್ಜಿ ಲಗೇಜ್ ಆಟೋದಲ್ಲಿ ಮೂರು ಮೂಟೆ ತಂದಿಳಿಸಿದರು.

"ಹೊಲ ಲೇಔಟಿಗೆ ಹೋಯ್ತು ಕಣವ್ವಾ," ಅಂದರು. "ಇದು ನಮ್ಮೆಜಮಾನ್ರು ವರ್ಷಾ ವರ್ಷಾ ತೆನೆ ಆರ್ಸಿ ಉಳಿಸ್ಕೊಂಡ್ ಬಂದಿರೋ ರಾಗಿ. ಬೇರೆ ಯಾರ ಹತ್ರಾನೂ ಇಲ್ಲ. ಮನೇಲಿಟ್ರೆ ತಿಂದ್ ಮುಗಿಸ್ಬಿಡ್ತೀವಿ ಅಂತ ಒಂದ್ ಕಾಳೂ ಬಿಡ್ದೆ ತಂದಿದೀನಿ. ಯಾರ್ದಾದ್ರೂ ಹೊಲದಲ್ಲಿ ಬೆಳ್ಕೊಳ್ಳಿ."

ತೂಕ ಹಾಕಿದರೆ ಸರಿಯಾಗಿ ಒಂದೂವರೆ ಕ್ವಿಂಟಾಲ್. ತೂಕ ಮಾಡಿದವರು ಚೀಟಿಯಲ್ಲಿ ಹಾಗೇ ಬರೆದರು. ನಾನೂ ಕಂಪ್ಯೂಟರಿನಲ್ಲಿ ಪ್ರಮಾಣದ ಕಾಲಂನಲ್ಲಿ 1.5 ಅಂತಲೂ ಪಕ್ಕದ ಕಾಲಂನಲ್ಲಿ ಕ್ವಿಂಟಾಲ್ ಅಂತಲೂ ಹೊಡೆದೆ. ಮಿಕ್ಕವರದ್ದೆಲ್ಲ ಕೆಜಿ ಲೆಕ್ಕದಲ್ಲಿತ್ತು.

ಯಾವುದು ಹಿಟ್ಟಿಗೆ, ಯಾವುದು ಬೀಜಕ್ಕೆ ಎಂದು ತಾನೇ ಹೇಳುವಂತೆ ಆ ಪಟ್ಟಿಗೆ ನಾನೊಂದು ಸೂತ್ರ ಬರೆದಿದ್ದೆ. ಅಂಕಿ ಇಪ್ಪತ್ತೈದಕ್ಕಿಂತ ಕಮ್ಮಿ ಇದ್ದರೆ "ಹಿಟ್ಟು", ಇಲ್ಲದಿದ್ದರೆ "ಬೀಜ". ಮೊದಲ ಮೂರು ಸಾಲಿನಲ್ಲಿ ಪರೀಕ್ಷೆ ಮಾಡಿದೆ, ಸರಿಯಾಗಿ ಬಂತು. ಆ ಮೂರೂ ಕೆಜಿಯವೇ. ಅಬ್ಬಾ, ಎಷ್ಟು ಬೀಗಿದ್ದೆ ಅವತ್ತು! ಸೂತ್ರ ಅಂಕಿಯನ್ನಷ್ಟೇ ನೋಡುತ್ತಿತ್ತು, ಪಕ್ಕದ ಕಾಲಂ ನೋಡುತ್ತಲೇ ಇರಲಿಲ್ಲ.

ಮಾರನೇ ದಿನ ಗೋಡೌನಿನವನು ಬಾಗಿಲಲ್ಲಿ ನಿಂತು ಕೇಳಿದ. "ಅಕ್ಕಾ, ಆ ಅಜ್ಜಿದು ಮೂರ್ ಮೂಟೆನೂ ಹಿಟ್ಟಿಗಾ? ಒಂದ್ಸಲ ನೋಡಿ."

"ಲಿಸ್ಟಲ್ಲಿ ಏನಿದ್ಯೋ ಅದ್ ಮಾಡಪ್ಪಾ, ನನ್ ತಲೆ ತಿನ್ಬೇಡ," ಅಂದೆ. ತಲೆ ಎತ್ತಿ ಕೂಡ ನೋಡಲಿಲ್ಲ. ಅವನು ಹೋದ.

ಆಷಾಢದಲ್ಲಿ ಎರಡು ಹದ ಮಳೆ ಬಿದ್ದು ಬಿತ್ತನೆ ಮುಗಿದಿತ್ತು. ಅಜ್ಜಿ ಬಸ್ಸಿಳಿದು ನೇರ ನನ್ನ ಮೇಜಿನ ಹತ್ತಿರ ಬಂದರು. "ನಮ್ ರಾಗಿ ಯಾರ್ ಹೊಲಕ್ ಬಿತ್ತು? ಒಂದ್ಕಿತ ನೋಡ್ಕೊಂಡ್ ಹೋಗ್ತೀನಿ."

ಪಟ್ಟಿ ತೆಗೆದೆ. ಯಾರದೋ 40 ಕೆಜಿಯ ಮುಂದೆ "ಬೀಜ" ಎಂದಿತ್ತು. ಕೆಳಗಿನ ಸಾಲು ಅಜ್ಜಿಯದು. 1.5, ಕ್ವಿಂಟಾಲ್, "ಹಿಟ್ಟು". ಕ್ವಿಂಟಾಲ್ ಅಂದರೆ ನೂರು ಕೆಜಿ ಅಂತ ಗೊತ್ತಿಲ್ಲದವಳಲ್ಲ ನಾನು. 1.5 ಅನ್ನು ನೂರರಿಂದ ಗುಣಿಸಿ 150 ಕೆಜಿ ಮಾಡಿಕೊಂಡ ಮೇಲೆ ಇಪ್ಪತ್ತೈದರ ಜೊತೆ ಹೋಲಿಸಬೇಕಿತ್ತು. ಈಗ ಹಾಗೇ ಮಾಡುತ್ತೇನೆ. ಎಲ್ಲವನ್ನೂ ಕೆಜಿಗೆ ತಿರುಗಿಸುವ ಬೇರೆ ಕಾಲಂ ಇಟ್ಟಿದ್ದೇನೆ, ಹೋಲಿಕೆ ಅದರ ಮೇಲೆ ಮಾತ್ರ. ಏನು ಅಳತೆ ಅಂತ ಬರೆಯದ ಚೀಟಿ ಬಂದರೆ ಊಹಿಸುವುದಿಲ್ಲ, ಫೋನ್ ಮಾಡಿ ಕೇಳುತ್ತೇನೆ. ಏನು ಪ್ರಯೋಜನ?

ಗಿರಣಿಗೆ ಫೋನ್ ಮಾಡಿದೆ. ಬೀಸಿ, ಪ್ಯಾಕೆಟ್ ಕಟ್ಟಿ, ಎಲ್ಲ ಹಂಚಿಹೋಗಿ ತಿಂಗಳುಗಳೇ ಆಗಿದ್ದವು. ಸುಳ್ಳು ಹೇಳೋಣ ಅಂತ ಒಂದು ಗಳಿಗೆ ಅನ್ನಿಸಿತು. ಹೇಳಲಾಗಲಿಲ್ಲ. ಆಗಿದ್ದನ್ನು ಆದ ಹಾಗೇ ಹೇಳಿಬಿಟ್ಟೆ, ಗೋಡೌನಿನವನನ್ನು ಗದರಿ ಕಳಿಸಿದ್ದನ್ನೂ ಹೇಳಿದೆ.

ಅಜ್ಜಿ ಕುರ್ಚಿಯ ಅಂಚಿನಲ್ಲಿ ಕೂತರು. ಬೈಯಲಿಲ್ಲ. ಬೈದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

"ಒಂದೂವರೆ ಅಂದ್ರೆ ಕಮ್ಮಿ ಅನ್ನಿಸ್ತಾ ಮಗಾ ನಿಂಗೆ?" ಅಂದರು.

"ತಪ್ಪಾಯ್ತಜ್ಜಿ," ಅಂದೆ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಅಂದರು. "ನಮ್ಮೆಜಮಾನ್ರು ಹಾಸಿಗೆ ಹಿಡ್ದವ್ರೆ. ಮಳೆ ಬಿದ್ದಾಗಿಂದ ದಿನಾ ಒಂದೇ ಮಾತು, ನಮ್ ರಾಗಿ ಮೊಳ್ಕೆ ಬಂತಾ ಅಂತ. ಅದ್ಕೇ ಸೊಸೇನ ಅವ್ರ ಹತ್ರ ಬಿಟ್ಟು ಬಂದೆ."

ನಾನೇ ಬಂದು ಅವರ ಕಾಲು ಹಿಡಿದು ಹೇಳುತ್ತೇನೆ ಅಂದೆ.

"ಬ್ಯಾಡ," ಅಂದರು ಅಜ್ಜಿ, ಎದ್ದು ನಿಂತು. "ಬಂದೈತೆ, ಚೆನ್ನಾಗಿ ಬಂದೈತೆ ಅಂತ ನಾನೇ ಹೇಳ್ತೀನಿ. ಯಾರ್ ಹೊಲ ಅಂತ ಕೇಳ್ತಾರೆ. ಒಂದ್ ಹೆಸ್ರು ಹೇಳ್ಕೊಡವ್ವಾ."

ಬೀಜ ಒಯ್ದವರ ಪಟ್ಟಿ ನೋಡಿ ಒಂದು ಹೆಸರು ಹೇಳಿದೆ. ಮರೆಯದಿರಲಿ ಅಂತ ಅಜ್ಜಿ ಅದನ್ನು ಎರಡು ಸಲ ನನ್ನ ಮುಂದೆಯೇ ಹೇಳಿಕೊಂಡು, ಬಸ್ಸಿಗೆ ಹೊರಟರು.