ಹೀಗೇ ಮುಂದುವರಿಸಿ

ನಮ್ಮ ಸಾಹೇಬರು ವರ್ಷದ ನಡುವೆ ಕೈಕೆಳಗಿನವರ ಬಗ್ಗೆ ಬರೆಯುತ್ತಿದ್ದದ್ದು ಒಂದೇ ವಾಕ್ಯ: ‘ಉತ್ತಮ ಕೆಲಸ, ಹೀಗೇ ಮುಂದುವರಿಸಿ.’ ಬೆವರು ಸುರಿಸಿ ದುಡಿಯುವವನಿಗೂ ಅದೇ, ಗೋಡೆಗೆ ಒರಗಿ ನಿದ್ದೆ ಹೊಡೆಯುವವನಿಗೂ ಅದೇ. ಇದನ್ನು ಅವರು ದೊಡ್ಡ ಮನಸ್ಸು ಎಂದು ತಿಳಿದಿದ್ದರು. ನನ್ನ ಲೆಕ್ಕದಲ್ಲಿ ಅದು ಶುದ್ಧ ಮೈಗಳ್ಳತನ.

ಹನಿ ನೀರಾವರಿ ಪೈಪು ಮಾರುವ ಕಂಪನಿ ನಮ್ಮದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕು ನನ್ನ ಉಸ್ತುವಾರಿಗೆ ಬಂದ ವರ್ಷವೇ ಅರ್ಧವಾರ್ಷಿಕ ಟಿಪ್ಪಣಿ ಬರೆಯುವ ಕೆಲಸವೂ ನನ್ನ ಹೆಗಲಿಗೆ ಬಿತ್ತು. ನಾನು ಬರೆಯಬೇಕು, ಸಾಹೇಬರು ನೋಡಿ ದಾಟಿಸಬೇಕು, ಆಮೇಲೆ ಅದು ಕಂಪ್ಯೂಟರಿನಲ್ಲಿ ನೌಕರನಿಗೆ ಕಾಣಿಸುತ್ತದೆ. ಅವನು ಓದಿ ‘ಒಪ್ಪಿದೆ’ ಅಥವಾ ‘ಒಪ್ಪಿಲ್ಲ’ ಒತ್ತಬೇಕು. ‘ಒಪ್ಪಿಲ್ಲ’ ಎಂದರೆ ಕಾರಣದ ಸಮೇತ ಅದು ನೇರ ಹೆಡ್ ಆಫೀಸಿಗೆ ಹೋಗುತ್ತದೆ. ‘ಒಪ್ಪಿಲ್ಲ’ ಎಂಬ ಗುಂಡಿಯನ್ನು ಯಾರಾದರೂ ಒತ್ತಿದ್ದನ್ನು ನಾನು ಕಂಡಿರಲಿಲ್ಲ.

ಇಂಡಿಯಲ್ಲಿದ್ದ ನಮ್ಮ ಮನುಷ್ಯ ನನಗಿಂತ ಹಿರಿಯ. ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ. ಬಲು ನಂಬಿಗಸ್ತ. ಹೊರ್ತಿ ಹಳ್ಳಿಯಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಬಿಸಿಲೆನ್ನದೆ ಹೋಗುತ್ತಿದ್ದರು, ಝಳಕಿಯಲ್ಲಿ ವಾಲ್ವ್ ಸೋರಿದರೆ ಊಟ ಬಿಟ್ಟು ಏಳುತ್ತಿದ್ದರು. ರೈತರು ಕಂಪನಿಯ ಹೆಸರು ಮರೆತಿದ್ದರು, ಇವರ ಫೋನ್ ನಂಬರ್ ಬಾಯಿಪಾಠವಿತ್ತು. ಆದರೆ ಹೊಸದೆಂದರೆ ಮಾರು ದೂರ. ತೋಟದ ಏರು ತಗ್ಗು, ಪಂಪಿನ ಒತ್ತಡ, ಪೈಪಿನ ಗಾತ್ರ ಲೆಕ್ಕಹಾಕಿ ನಕ್ಷೆ ಮಾಡುವುದನ್ನು ಕಂಪ್ಯೂಟರಿಗೆ ತಂದು ವರ್ಷಗಳೇ ಆಗಿದ್ದವು. ಇವರು ಮಾತ್ರ ಯಾವ ತೋಟಕ್ಕೂ ಅದೇ ಹಳೆಯ ನಕ್ಷೆ ಬಡಿಯುತ್ತಿದ್ದರು. ಇಂಡಿಯ ಆಫೀಸಿನಲ್ಲಿ ಡಿಪ್ಲೊಮಾ ಓದಿದ ಒಬ್ಬ ತಂತ್ರಜ್ಞೆ ಇದ್ದಳು. ಅವಳಿಗೆ ಒಂದು ಫಿಲ್ಟರ್ ಬಿಚ್ಚಲೂ ಬಿಟ್ಟವರಲ್ಲ.

ಆ ವರ್ಷದ ಕೊನೆಗೆ ನಾಲ್ಕೂ ತಾಲೂಕಿನ ನಕ್ಷೆಗಳ ಮುಖ್ಯಸ್ಥನ ಹುದ್ದೆ ತುಂಬುವುದಿತ್ತು. ಅದು ತಮಗೇ ಎಂದು ಅಣ್ಣಾರು ನಂಬಿದ್ದರು, ಹೆಂಡತಿಗೂ ಹೇಳಿಬಿಟ್ಟಿದ್ದರು. ಹಿಂದೆಯೂ ಅಂಥ ಹುದ್ದೆ ಬಂದು ಬೇರೆಯವರ ಪಾಲಾಗಿತ್ತು. ಯಾಕೆ ಎಂದು ಇವರಿಗೆ ಯಾರೂ ಹೇಳಿರಲಿಲ್ಲ. ಹೇಳುವ ಬದಲು ‘ಹೀಗೇ ಮುಂದುವರಿಸಿ’ ಎಂದು ಬರೆದಿದ್ದರು.

ಟಿಪ್ಪಣಿಯ ವಿಷಯ ಎತ್ತಿದಾಗ ಸಾಹೇಬರು ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದರು.

“ಹೋದ ವರ್ಷದ್ದೇ ಹಾಕ್ರಿ ಮೇಡಂ. ಛಲೋ ಮನಷ್ಯಾ ಅದಾನ.”

“ನಕ್ಷಾ ಕಲೀಲಿಲ್ಲಂದ್ರ ಆ ಪೋಸ್ಟ್ ಸಿಗಂಗಿಲ್ಲ ಅಂತ ಅವರಿಗೆ ಹೇಳಬೇಕಲ್ರಿ ಸರ?”

“ಯಾಕ ಹೇಳ್ತೀರಿ? ಮನಸಿಗೆ ಹಚ್ಕೊಂಡು ಕುಂತ್ರ ಇಂಡಿ ಯಾರು ನೋಡ್ಕೋತಾರ? ಅಂವ ಅಲ್ಲೇ ಇದ್ರ ನಮಗ ಆರಾಮ ಐತಿ.”

ಬಿಸ್ಕೀಟು ಮುರಿದು ಚಹಾದಲ್ಲಿ ಬಿತ್ತು. ಹುದ್ದೆಯ ಮಾತಿಗೆ ಅಲುಗದ ಮುಖ ಬಿಸ್ಕೀಟಿಗೆ ಬಾಡಿತು. ಒಬ್ಬ ಮನುಷ್ಯನನ್ನು ಇದ್ದಲ್ಲೇ ಹೂತಿಟ್ಟು ಅದಕ್ಕೆ ಮೆಚ್ಚುಗೆ ಎಂದು ಹೆಸರಿಡುವ ಈ ಜನರ ಬಗ್ಗೆ ನನಗೆ ಹೇಸಿಗೆಯಾಯಿತು.

ಇಂಥ ಮಾತನ್ನು ಮೊದಲು ಎದುರಿಗೆ ಕೂತು ಹೇಳಬೇಕು, ಕಾಗದ ಆಮೇಲೆ. ಆ ವಾರವೇ ಇಂಡಿಗೆ ಹೋಗಿ ಅಣ್ಣಾರನ್ನು ಕರೆದುಕೊಂಡು ಹೊರ್ತಿಯ ಒಂದು ನಿಂಬೆ ತೋಟಕ್ಕೆ ಹೊರಟೆ. ಗಿಡ ಮೊಣಕಾಲೆತ್ತರ ಇದ್ದಾಗ ಅವರೇ ಪೈಪು ಹಾಕಿದ ತೋಟ. ಈಗ ಮರಗಳ ನೆರಳು ಎಷ್ಟೋ ಅಗಲಕ್ಕೆ ಹರಡಿತ್ತು. ನೀರು ಮಾತ್ರ ಇನ್ನೂ ಬೊಡ್ಡೆಗೆ ಅಂಟಿಕೊಂಡೇ ತೊಟ್ಟಿಕ್ಕುತ್ತಿತ್ತು.

“ಬೇರು ಎಲ್ಲಿಗೆ ಹೋಗ್ಯಾವ, ನೀರು ಎಲ್ಲಿ ಬೀಳಾಕತ್ತೇತಿ, ನೋಡ್ರಿ ಅಣ್ಣಾರ. ಗಿಡ ದೊಡ್ಡವಾದಂಗ ಪೈಪ್ ಹೊರಗ ಸರಸಬೇಕಿತ್ತಲ್ರಿ?”

“ಕಂಪ್ಲೇಂಟ್ ಒಂದೂ ಬಂದಿಲ್ರಿ ಮೇಡಂ.”

“ಬಂದಿಲ್ಲ, ಖರೇ. ಗಿಡ ಸತ್ತಿಲ್ಲ, ಅದಕ್ಕ ಬಂದಿಲ್ಲ. ನಿಮ್ಮ ಕೆಲಸದ್ದೂ ಹಂಗ ಆಗೇತ್ರಿ. ಕೆಟ್ಟಿಲ್ಲ. ಬೆಳದೂ ಇಲ್ಲ.”

ಅವರ ಮುಖ ಕಪ್ಪಿಟ್ಟಿತು. ಕಂಪ್ಲೇಂಟ್ ಇಲ್ಲ ಎಂಬುದನ್ನೇ ಎದೆಯ ಮೇಲೆ ಪದಕದಂತೆ ಹಾಕಿಕೊಂಡು ತಿರುಗುವ ಅವರ ಗತ್ತೂ ನನಗೆ ಮೊದಲಿನಿಂದ ಸೇರುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ. ಆದರೆ ಆ ಪದಕ ತೊಡಿಸಿದವರ ಮೇಲಿದ್ದ ತಿರಸ್ಕಾರ ಅದಕ್ಕಿಂತ ದೊಡ್ಡದಿತ್ತು. ಹುದ್ದೆಯ ಸಂಗತಿಯನ್ನೂ ಮುಚ್ಚುಮರೆ ಇಲ್ಲದೆ ಹೇಳಿದೆ. ಅವರು ಬಗ್ಗಿ ಪೈಪಿನ ತುದಿ ಹಿಡಿದು ಅಲ್ಲೇ ಕೂತರು.

“ಪ್ರತಿ ವರ್ಷ ಹೀಗೇ ಮುಂದುವರಿಸಿ ಅಂದ್ರಿ,” ಎಂದರು. “ಮುಂದುವರಿಸೇನಿ. ಈಗ ಅದೇ ತಪ್ಪಂತೀರಿ.”



ಮರುದಿನ ಟಿಪ್ಪಣಿ ಬರೆದೆ. ಬೇಸಿಗೆಯಲ್ಲಿ ಝಳಕಿಯ ತೋಟಗಳಿಗೆ ನೀರು ನಿಲ್ಲದಂತೆ ನೋಡಿಕೊಂಡದ್ದು, ಕೊಟ್ಟ ಮಾತಿಗೆ ತಪ್ಪದಿರುವುದು, ಎಲ್ಲ ಬಿಡಿಸಿ ಬರೆದೆ. ಆಮೇಲೆ: ‘ಇತ್ತೀಚಿನ ವರ್ಷಗಳಲ್ಲಿ ನೀವು ಹೊಸದಾಗಿ ಕಲಿತದ್ದು ನನಗೆ ಕಾಣುತ್ತಿಲ್ಲ. ಇದು ತಪ್ಪಿನ ನೋಟಿಸ್ ಅಲ್ಲ, ನಿಮ್ಮ ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ. ವರ್ಷದ ಕೊನೆಯೊಳಗೆ ಎರಡು ತೋಟಗಳ ನಕ್ಷೆಯನ್ನು ನೀವೇ ಕಂಪ್ಯೂಟರಿನಲ್ಲಿ ಮಾಡಿ. ವಾರಕ್ಕೊಂದು ದಿನ ರಿಪೇರಿ ಕೆಲಸ ತಂತ್ರಜ್ಞೆಗೆ ಬಿಡಿ. ಪ್ರತಿ ಗುರುವಾರ ನಾನು ಬಂದು ಜೊತೆಗೆ ಕೂರುತ್ತೇನೆ. ಹುದ್ದೆ ಸಿಗುತ್ತದೆ ಎಂಬ ಭರವಸೆ ಕೊಡಲಾರೆ. ಇದಿಲ್ಲದೆ ಸಿಗುವುದಿಲ್ಲ.’

ಒಂದು ಪ್ರತಿ ಅವರ ಕೈಗೆ ಕೊಟ್ಟು, ಇನ್ನೊಂದನ್ನು ಕಂಪ್ಯೂಟರಿಗೆ ಏರಿಸಿದೆ. ಅಣ್ಣಾರು ಓದಿ ಮಡಚಿ ಅಂಗಿಯ ಕಿಸೆಗಿಟ್ಟರು.

ಮೊದಲ ಗುರುವಾರ ನಾನು ಹೋದಾಗ ಅವರು ಕಂಪ್ಯೂಟರಿನ ಮುಂದೆ ಮುಖ ಗಂಟಿಕ್ಕಿ ಕೂತಿದ್ದರು. ಫೋನ್ ಬಂತು. ಝಳಕಿಯ ರೈತ, ‘ನೀವೇ ಬರ್ರಿ’ ಎನ್ನುತ್ತಿದ್ದದ್ದು ನನಗೂ ಕೇಳಿಸಿತು. ಅಣ್ಣಾರು ಅರ್ಧ ಎದ್ದರು. ಮತ್ತೆ ಕೂತರು. ತಮ್ಮ ರಿಪೇರಿ ಸಾಮಾನಿನ ಪಾನಾ ಚೀಲ ಎತ್ತಿ ತಂತ್ರಜ್ಞೆಯ ಕೈಗೆ ಕೊಟ್ಟರು.

“ನೀ ಹೋಗವಾ.”

ಸಂಜೆಗೆ ಸಾಹೇಬರ ಫೋನು. “ಏನ್ ಬರದೀರಿ ಅವಗ? ಹುಡುಗೀನ ಕಳಿಸ್ಯಾನ ಅಂತ ರೈತ ನನಗ ಫೋನ್ ಮಾಡಿ ಬೈತಾನ! ನೀವು ಬರದದ್ದು ಭಾಳ ಖಾರ ಆತು. ನಾ ತಿದ್ದಿ ಬಿಟ್ಟೇನಿ.”

ತೆರೆದು ನೋಡಿದೆ. ನಾನು ಬರೆದ ಒಂದು ಅಕ್ಷರವೂ ಉಳಿದಿರಲಿಲ್ಲ. ಅಲ್ಲಿದ್ದದ್ದು: ‘ಉತ್ತಮ ಕೆಲಸ, ಹೀಗೇ ಮುಂದುವರಿಸಿ.’ ಕೆಳಗೆ ನನ್ನ ಹೆಸರು. ಹೇಡಿತನಕ್ಕೂ ತನ್ನ ಹೆಸರು ಹಾಕುವ ಧೈರ್ಯ ಇಲ್ಲದ ಮನುಷ್ಯ! ತಿದ್ದಲು ಹೋದೆ, ಆಗಲಿಲ್ಲ. ಅದು ಆಗಲೇ ಅಣ್ಣಾರಿಗೆ ತಲುಪಿತ್ತು. ನಾನು ಎದುರಿಗೊಂದು, ಬೆನ್ನ ಹಿಂದೊಂದು ಆಡುವವಳು ಎಂದು ಅವರು ತಿಳಿಯುವುದಷ್ಟೇ ಬಾಕಿ. ಇನ್ನೇನು, ‘ಒಪ್ಪಿದೆ’ ಒತ್ತಿ, ಪಾನಾ ಚೀಲ ವಾಪಸು ಇಸಿದುಕೊಂಡು, ಮೊದಲಿನ ಹಾಗೆ ಇದ್ದುಬಿಡುತ್ತಾರೆ ಅಂದುಕೊಂಡೆ.

ಎರಡು ದಿನ ಬಿಟ್ಟು ಸಾಹೇಬರು ಮತ್ತೆ ಫೋನ್ ಮಾಡಿದರು. ಈ ಸಲ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು.

“ಹೊಗಳಿದ್ರ ಬ್ಯಾಡ ಅಂತಾನಲ್ರಿ ನಿಮ್ಮ ಮನಷ್ಯಾ! ಹೆಡ್ ಆಫೀಸಿನವರು ನನ್ನ ಕೇಳಾಕತ್ತಾರ!”

ನಾನು ಕಂಪ್ಯೂಟರ್ ತೆರೆದೆ. ಅಣ್ಣಾರು ‘ಒಪ್ಪಿಲ್ಲ’ ಒತ್ತಿದ್ದರು. ಕಾರಣ ಬರೆಯುವ ಜಾಗದಲ್ಲಿ ಹೀಗಿತ್ತು: ‘ಮೇಡಂ ಅವರು ನನ್ನ ಎದುರಿಗೆ ಕೂತು ಹೇಳಿದ್ದು ಇದಲ್ಲ. ಅವರು ಕೊಟ್ಟ ಪ್ರತಿ ನನ್ನ ಹತ್ತಿರ ಇದೆ. ದಯವಿಟ್ಟು ಅದನ್ನೇ ಹಾಕಿರಿ.’

ಅದರ ಜೊತೆಗೆ ಹೊರ್ತಿಯ ತೋಟದ ನಕ್ಷೆಯೊಂದನ್ನು ಲಗತ್ತಿಸಿದ್ದರು. ಪೈಪಿನ ಗಾತ್ರ ತಪ್ಪಿತ್ತು, ಏರು ತಗ್ಗಿನ ಲೆಕ್ಕವೂ ತಪ್ಪಿತ್ತು. ಪೈಪುಗಳನ್ನು ಮಾತ್ರ ಬೊಡ್ಡೆಯಿಂದ ಹೊರಕ್ಕೆ, ನೆರಳಿನ ಅಂಚಿಗೆ ಸರಿಸಿದ್ದರು.