ಸಕುಟುಂಬ ಸಮೇತ ಹಪ್ಪಳದ ಸ್ಟಾಲಿಗೆ

ಅತ್ತಿಗೆಯ ಸ್ಟಾಲಿನ ಮೆಸೇಜುಗಳನ್ನು ಟೈಪ್ ಮಾಡುವ ಕೆಲಸ ನನಗೆ ಬಂದದ್ದು, ನಾನು ಮಣಿಪಾಲದ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಕುಟ್ಟುತ್ತೇನೆ ಎಂಬ ಒಂದೇ ಕಾರಣಕ್ಕೆ. ಬೇಡ ಎಂದು ಹೇಳಬಹುದಿತ್ತು. ಅತ್ತಿಗೆಗೆ ಬೇಡ ಎಂದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಇನ್ನಂಜೆಯ ಮನೆಯಲ್ಲಿ ಅವರು ಹಲಸಿನ ಹಪ್ಪಳ ಮಾಡಲು ತೊಡಗಿ ಎಷ್ಟೋ ವರ್ಷಗಳಾದವು. ಅದು ಹೋಗುವುದು ಉಡುಪಿಯ ಒಂದು ಅಂಗಡಿಗೆ. ಅಲ್ಲಿ ಅಂಗಡಿಯ ಚೀಟಿ ಅಂಟಿಸಿಕೊಂಡು ಅಂಗಡಿಯ ಹಪ್ಪಳವೆಂದೇ ಮಾರಾಟವಾಗುತ್ತದೆ. ಒಂದು ಮದುವೆಯ ಊಟದಲ್ಲಿ ಪಕ್ಕದ ಹೆಂಗಸು ಅದೇ ಹಪ್ಪಳ ಮುರಿಯುತ್ತಾ ಆ ಅಂಗಡಿಯನ್ನು ಬಾಯಿ ತುಂಬ ಹೊಗಳಿದರಂತೆ. ಅತ್ತಿಗೆ ತಲೆ ತಗ್ಗಿಸಿ ಊಟ ಮುಗಿಸಿ ಬಂದರು. ಈ ಸಲ ಮಣಿಪಾಲದಲ್ಲಿ ಶನಿವಾರ ಭಾನುವಾರ ಎರಡು ದಿನದ ಮೇಳವೆಂದು ತಿಳಿದದ್ದೇ ತಡ, ತಮ್ಮದೇ ಚೀಟಿ ಮಾಡಿಸಿ ಒಂದು ಸ್ಟಾಲ್ ಹಿಡಿದರು. ಅಂಗಡಿಯವರು ಇನ್ನು ಮುಂದಿನ ಮಾಲಿನ ಬಗ್ಗೆ ಸೋಮವಾರ ಫೋನ್ ಮಾಡುತ್ತೇವೆ ಎಂದಿದ್ದರು.

"ಸ್ಟಾಲ್ ನಡೆದರೆ ನನ್ನ ಚೀಟಿ. ಇಲ್ಲದಿದ್ದರೆ ಅವರದ್ದೇ, ಮತ್ತೆ ಈ ಮಾತು ಎತ್ತುವುದಿಲ್ಲ" ಎಂದರು ಅತ್ತಿಗೆ. ಅವರು ಹಾಗೆ ಹೇಳಿದರೆ ಹಾಗೆಯೇ.

ನನ್ನ ಲೆಕ್ಕಾಚಾರ ಸರಿಯಾಗಿತ್ತು, ಈಗಲೂ ಹೇಳುತ್ತೇನೆ. ವಾರ ಮೊದಲೇ ಒಂದು ಮೆಸೇಜ್, ಏನು, ಎಲ್ಲಿ, ಯಾವಾಗ ಎಂದು. ನಡುವಿನಲ್ಲಿ ಒಂದು, ಏನೇನು ಉಂಟು ಎಂದು ಫೋಟೋ ಹಾಕಿ. ಶುಕ್ರವಾರ ಸಂಜೆ ನೆನಪಿಸಲು ಒಂದು, ಯಾಕೆಂದರೆ ಸ್ಟಾಲ್ ನಂಬರು ಕೈಗೆ ಸಿಗುವುದೇ ಆವಾಗ. ಶನಿವಾರ ಮುಗಿದ ಮೇಲೆ ಭಾನುವಾರಕ್ಕೆ ಇನ್ನೊಂದು. ಗ್ರೂಪುಗಳಲ್ಲಿ ವ್ಯಾಪಾರದ ಮೆಸೇಜ್ ಹಾಕಿದರೆ ಅಡ್ಮಿನ್‌ಗಳು ಮುಖ ಸಿಂಡರಿಸುತ್ತಾರೆ. ಅದಕ್ಕೆ ಅತ್ತಿಗೆಯ ವಾಟ್ಸಾಪಿನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆ. ಒಮ್ಮೆ ಕಳಿಸಿದರೆ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ಅತ್ತಿಗೆಯ ನಂಬರನ್ನು ಸೇವ್ ಮಾಡಿಕೊಂಡವರು ಯಾರು? ಅರ್ಧಕ್ಕರ್ಧ ನೆಂಟರು. ಅದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮೊದಲ ಮೆಸೇಜನ್ನು ನಾನು ಚುಟುಕಾಗಿ ಬರೆದಿದ್ದೆ. ಅತ್ತಿಗೆ ಓದಿ ಫೋನನ್ನು ಹಾಗೆಯೇ ವಾಪಸು ಕೊಟ್ಟರು.

"ಎಂತ ಇದು? ಬರೀ 'ಬನ್ನಿ' ಎಂದರೆ ಯಾರು ಬರುತ್ತಾರೆ ಮಾರಾಯ್ತಿ? ಕರೆಯುವ ಕ್ರಮ ಒಂದು ಉಂಟಲ್ವಾ?"

ಮನೆಯಲ್ಲಿ ನಾವು ಆಡುವುದು ತುಳು. ಕನ್ನಡ ಬರೆಯಲು ಕುಳಿತರೆ ಅತ್ತಿಗೆಯ ಬಾಯಿಗೆ ಬರುವುದು ಆಮಂತ್ರಣ ಪತ್ರಿಕೆಯ ಕನ್ನಡವೇ. ಅವರು ಹೇಳಿದರು, ನಾನು ಹಲ್ಲು ಕಚ್ಚಿಕೊಂಡು ಟೈಪ್ ಮಾಡಿದೆ. 'ತಾವು ಸಕುಟುಂಬ ಸಮೇತರಾಗಿ ಆಗಮಿಸಿ ನಮ್ಮ ಸ್ಟಾಲನ್ನು ಹರಸಬೇಕಾಗಿ ವಿನಂತಿ.' ಎರಡನೆಯದರಲ್ಲಿ 'ತಮ್ಮ ಆಗಮನವೇ ನಮಗೆ ಸಂತೋಷ'. ಮೂರನೆಯದರಲ್ಲಿ ಸ್ಟಾಲ್ ನಂಬರಿನ ಕೆಳಗೆ 'ಮರೆಯದೆ ಬನ್ನಿ, ಕರೆಯಲು ಮರೆತೆವೆಂದು ಬೇಸರಿಸದಿರಿ'. ಉತ್ತರವಾಗಿ ಕೈ ಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಅತ್ತಿಗೆ ನನ್ನನ್ನು ನೋಡಿ ಹುಬ್ಬು ಹಾರಿಸಿದರು.

ಶನಿವಾರ ಜನ ಬಂದರು. ಸಕುಟುಂಬ ಸಮೇತರಾಗಿಯೇ ಬಂದರು. ಕಾರ್ಕಳದ ಭಾವನ ಮನೆಯವರು ರೇಷ್ಮೆ ಸೀರೆಯಲ್ಲಿ, ಶಿರ್ವದ ಚಿಕ್ಕಮ್ಮ ಮಲ್ಲಿಗೆ ಮುಡಿದು, ಕೈಯಲ್ಲಿ ಹಣ್ಣು ಹಿಡಿದು. ಹಪ್ಪಳ ಎಣ್ಣೆಯಲ್ಲಿ ಕಾಯಿಸಿ ರುಚಿ ನೋಡಲು ಇಟ್ಟದ್ದನ್ನು ತಿಂದರು, ಹೊಗಳಿದರು, ಫೋಟೋ ತೆಗೆದುಕೊಂಡರು. ಹೊರಡುವಾಗ ಅತ್ತಿಗೆ ಒಬ್ಬೊಬ್ಬರ ಕೈಗೂ ಪ್ಯಾಕೆಟ್ ಕೊಟ್ಟರು. ಮಜ್ಜಿಗೆ ಮೆಣಸು ಬೇರೆ. ಯಾರಾದರೂ ಪರ್ಸಿಗೆ ಕೈ ಹಾಕಿದರೆ "ಛೆ ಛೆ, ಎಂತ ಇದು" ಎಂದು ಕೈ ಹಿಡಿದು ನಿಲ್ಲಿಸಿದರು. ಸ್ಟಾಲಿನ ಮುಂದೆ ನೆಂಟರ ಗುಂಪು ಕಂಡು ಬೇರೆ ಗಿರಾಕಿಗಳು ಇದೇನೋ ಅವರ ಮನೆಯ ಕಾರ್ಯಕ್ರಮವೆಂದು ಪಕ್ಕದ ಸ್ಟಾಲಿಗೆ ಹೋದರು. ಪಕ್ಕದವರ ಬೆಲ್ಲದ ಡಬ್ಬಿಗಳು ಖಾಲಿಯಾಗುತ್ತಿದ್ದವು, ನಮ್ಮ ಹಪ್ಪಳವೂ ಖಾಲಿಯಾಗುತ್ತಿತ್ತು, ಆದರೆ ಮಾರಾಟವಾಗಿ ಅಲ್ಲ.

"ಮನೆಗೆ ಬಂದವರ ಹತ್ತಿರ ಹಣ ಕೇಳುವುದಾ?" ಎಂದರು ಅತ್ತಿಗೆ, ನಾನು ಗದರಿದಾಗ.

"ಇದು ಮನೆಯಲ್ಲ ಅತ್ತಿಗೆ."

"ಕರೆದದ್ದು ಮನೆಗೆ ಕರೆದ ಹಾಗೆಯೇ ಅಲ್ವಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಫೋನ್ ತೆಗೆದು ಮೂರೂ ಮೆಸೇಜುಗಳನ್ನು ಅವರ ಮುಂದೆಯೇ ಗಟ್ಟಿಯಾಗಿ ಓದಿದೆ. ಓದುತ್ತಾ ಓದುತ್ತಾ ನನ್ನ ಸ್ವರವೇ ತಗ್ಗಿತು. ಮೂರರಲ್ಲಿ ಎಲ್ಲಿಯೂ 'ಮಾರಾಟ' ಎಂಬ ಮಾತಿಲ್ಲ. ದರ ಇಲ್ಲ. ಬಂದವರು ಏನು ಮಾಡಬೇಕು? ನಾವು ಕರೆದ ಹಾಗೆ ಬಂದರು, ಹರಸಿದರು, ಹೋದರು. ಅವರನ್ನು ಬೈಯಲು ನನಗೆ ಬಾಯಿ ಇರಲಿಲ್ಲ.

ಸಂಜೆ ಮೇಜಿಗೆ ಬಟ್ಟೆ ಮುಚ್ಚಿ ಅತ್ತಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ಅಂಗಡಿಯವರಿಗೇ ಕೊಡುವ. ನನಗೆ ಕೊಡಲಿಕ್ಕೆ ಬರುತ್ತದೆ, ಮಾರಲಿಕ್ಕೆ ಬರುವುದಿಲ್ಲ" ಎಂದರು. ಅದನ್ನು ಕೇಳಿ ನನಗೆ ಅಳು ಬಂತು. ಮಳೆಗೆ ಮೊದಲಿನ ಬಿಸಿಲಿನಲ್ಲಿ ಹಪ್ಪಳ ಒಣಗಿಸಿದ ಚಾಪೆಯ ಮುಂದೆ ಕುಳಿತು ಕಾಗೆ ಓಡಿಸುತ್ತಿದ್ದ ಅದೇ ಹೆಂಗಸು ಇವರು.

"ಭಾನುವಾರದ ಮೆಸೇಜ್ ಬಾಕಿ ಉಂಟು. ನಾನು ಬರೆಯುವುದಿಲ್ಲ. ನೀವು ಹೇಳಿ" ಎಂದೆ.

ಅವರು ಸೆರಗಿನ ತುದಿ ಬಿಟ್ಟರು. ಮತ್ತೆ ತುಳುವಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆದೆ. 'ನಾಳೆ ಕೊನೆಯ ದಿನ. ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು ಮಾರಾಟಕ್ಕೆ ಉಂಟು. ದರ ಕೆಳಗೆ ಉಂಟು. ಬರುವಾಗ ಚೀಲ ತನ್ನಿ.' ದರಗಳನ್ನು ಅವರೇ ಹೇಳಿದರು. ಕೆಳಗೆ ತಮ್ಮ ಹೆಸರು ಹಾಕಿಸಿದರು. ಕಳಿಸುವ ಗುಂಡಿಯನ್ನೂ ಅವರೇ ಒತ್ತಿದರು. ಕೈ ಮುಗಿದ ಚಿತ್ರ ಒಂದೂ ಬರಲಿಲ್ಲ. ಮನೆ ತಲುಪುವವರೆಗೆ ಇಬ್ಬರೂ ಫೋನ್ ನೋಡುತ್ತಲೇ ಇದ್ದೆವು.

ಭಾನುವಾರ ಶಿರ್ವದ ಚಿಕ್ಕಮ್ಮ ಮತ್ತೆ ಬಂದರು. ಇನ್ನೂ ಎಷ್ಟು ಪ್ಯಾಕೆಟ್ ಬಿಟ್ಟಿ ಹೋಗುತ್ತದೋ ಎಂದುಕೊಂಡೆ. ಈ ಸಲ ಮಾಮೂಲಿ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಹಪ್ಪಳದ ಪ್ಯಾಕೆಟುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು. ಅತ್ತಿಗೆ ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

"ಚಿಕ್ಕಮ್ಮ, ಊಟಕ್ಕೆ ಮನೆಗೆ ಬನ್ನಿ, ಎಷ್ಟು ಬೇಕಾದರೂ ಕಾಯಿಸಿ ಬಡಿಸುತ್ತೇನೆ. ಇಲ್ಲಿ ಮಾತ್ರ ದರ ಉಂಟು."

ಚಿಕ್ಕಮ್ಮ ತಲೆ ಎತ್ತಿ ನೋಡಿದರು. "ಅದನ್ನು ನಿನ್ನೆಯೇ ಹೇಳಬಾರದಿತ್ತಾ ಮಗಾ? ಹಣ ಕೊಟ್ಟರೆ ನಿನಗೆ ಬೇಸರವಾದೀತು ಎಂದು ನಾವೆಲ್ಲ ಹಾಗೆಯೇ ಎದ್ದು ಹೋದದ್ದು. ಕಾರ್ಕಳದವರು ದಾರಿಯುದ್ದಕ್ಕೂ ಅದನ್ನೇ ಹೇಳಿದರಂತೆ, ಬರಿಗೈಯಲ್ಲಿ ಹೋಗಿ ತುಂಬಿದ ಕೈಯಲ್ಲಿ ಬಂದೆವು, ನಾಚಿಕೆಯಾಯಿತು ಎಂದು." ಪರ್ಸ್ ತೆಗೆದು ಹಣ ಕೊಟ್ಟರು. ಅತ್ತಿಗೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಮಧ್ಯಾಹ್ನಕ್ಕೆ ಕಾರ್ಕಳದವರೂ ಚೀಲ ಹಿಡಿದು ಬಂದರು.

ಸೋಮವಾರ ಅಂಗಡಿಯವರ ಫೋನ್ ಬಂತು. ನಾನು ಆಫೀಸಿಗೆ ಹೊರಟಿದ್ದವಳು ಚಪ್ಪಲಿ ಮೆಟ್ಟಿಕೊಂಡೇ ನಿಂತೆ. ಅತ್ತಿಗೆ ಏನಾದರೂ ತಪ್ಪಿ ಹೇಳಿಯಾರು, ಪಕ್ಕದಲ್ಲಿದ್ದು ಪಿಸುಗುಡುವ ಎಂದುಕೊಂಡಿದ್ದೆ.

"ಹಪ್ಪಳ ಉಂಟು" ಎಂದರು ಅತ್ತಿಗೆ. "ಚೀಟಿ ಮಾತ್ರ ನನ್ನದೇ ಅಂಟಿಸಿ ಕೊಡುತ್ತೇನೆ. ಬೇಕಾದರೆ ಹೇಳಿ."

ಆ ಕಡೆಯವರು ಏನೋ ಹೇಳುತ್ತಿದ್ದರು. ಅತ್ತಿಗೆ ಕೇಳಿಸಿಕೊಳ್ಳುತ್ತಾ ನನ್ನ ಕಡೆ ತಿರುಗಿ, ಬಸ್ಸು ತಪ್ಪುತ್ತದೆ, ನೀನು ಹೋಗು ಎಂದು ಕೈಸನ್ನೆ ಮಾಡಿದರು.