ಮಾಳಪ್ಪನ ಸಂಬಳಕ್ಕೆ ಕತ್ತರಿ

ಸಂಪಗಾಂವದ ಉಮಾಶ್ರೀ ಬಿ.ಕಾಂ. ಮುಗಿಸಿ ಬೈಲಹೊಂಗಲದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಂಬಳದ ಲೆಕ್ಕ ಬರೆಯುವ ಗುಮಾಸ್ತೆಯಾಗಿ ಸೇರಿದಾಗ ಅವಳ ಮದುವೆಯೂ ಆಗಿರಲಿಲ್ಲ. ಮುಂದೆ ಮದುವೆಯಾಯಿತು, ಗಂಡ ತೀರಿಕೊಂಡ, ಮಗಳು ಸಪ್ನಾ ಅದೇ ಶಾಲೆಯಲ್ಲಿ ಕಲಿತಳು, ಉಮಾಶ್ರೀ ಅದೇ ಕುರ್ಚಿಯಲ್ಲಿ ಉಳಿದಳು. ಮಾತು ಕಡಿಮೆ, ಹಟ ಜಾಸ್ತಿ ಎಂದು ಊರಿನವರು ಹೇಳುತ್ತಿದ್ದರು.

ಎರಡು ಸಾವಿರದ ಆರರ ಜೂನ್ ತಿಂಗಳು. ಶಾಲೆ ನಡೆಸುತ್ತಿದ್ದ ಸಂಸ್ಥೆಗೆ ಹೊಸ ಕಾರ್ಯದರ್ಶಿಯಾಗಿ ಕಾಡಪ್ಪ ಬಂದಿದ್ದರು. ಸಂಬಳದ ಬಿಲ್ಲು ನೋಡಿ ಅವಳನ್ನು ಕರೆಸಿದರು.

"ವೃತ್ತಿ ತೆರಿಗಿ ಒಬ್ಬೊಬ್ಬರಿಗೆ ಒಂದೊಂದು ಯಾಕ? ಇನ್ನ ಮ್ಯಾಲೆ ಎಲ್ಲಾರಿಗೂ ತಿಂಗಳಿಗೆ ಎರಡನೂರು ಹಿಡೀರಿ. ಸರ್ಕಾರಕ್ಕ ತುಂಬೂದು ತುಂಬಿ, ಉಳಿದಿದ್ದು ಕಟ್ಟಡದ ಫಂಡಿಗೆ."

"ಎರಡನೂರು ಅನ್ನೂದು ಹದಿನೈದು ಸಾವಿರ ಮತ್ತ ಅದಕ್ಕಿಂತ ಜಾಸ್ತಿ ಸಂಬಳದವರಿಗ್ರಿ. ಹೆಡ್‌ಮಾಸ್ತರ ಒಬ್ಬರ ಅದಾರ. ನನ್ನ ಸಂಬಳ ಹನ್ನೊಂದು ಸಾವಿರ, ನನಗ ನೂರಾ ಐವತ್ತು. ಜವಾನ ಮಾಳಪ್ಪನ ಸಂಬಳ ಸಣ್ಣದು, ಅವಗ ತೆರಿಗೀನ ಇಲ್ಲ."

ಕಾಡಪ್ಪ ನಕ್ಕರು. "ಒಬ್ಬನ ಮ್ಯಾಲೆ ವರ್ಷಕ್ಕ ಎರಡೂವರೆ ಸಾವಿರಕ್ಕಿಂತ ಜಾಸ್ತಿ ವೃತ್ತಿ ತೆರಿಗಿ ಹಾಕಬಾರದಂತ ಮಿತಿ ಐತಿ. ನಾ ಹಿಡಿಯೂದು ಎರಡು ಸಾವಿರದ ನಾಕನೂರು. ಕಾನೂನಿನೊಳಗ ಅದ."

"ಆ ಮಿತಿ ಸರ್ಕಾರಕ್ಕ ಹಾಕಿದ ಬೇಲಿರಿ. ನಮಗ ಕೊಟ್ಟ ಪರವಾನಗಿ ಅಲ್ಲ. ಸರ್ಕಾರಕ್ಕ ಎಷ್ಟು ತುಂಬಬೇಕೋ ಅಷ್ಟ ಹಿಡೀಬೇಕು."

"ಹೇಳಿದಷ್ಟು ಮಾಡ್ರಿ."

"ಮಾಡಂಗಿಲ್ರಿ."

ಆ ತಿಂಗಳ ಬಿಲ್ಲನ್ನು ಕಾಡಪ್ಪ ತಮ್ಮ ಪರಿಚಯದವನಿಂದ ಬರೆಸಿದರು. ಸಂಬಳದ ದಿನ ಎಲ್ಲರೂ ಸಹಿ ಹಾಕಲು ಸ್ಟಾಫ್ ರೂಮಿನಲ್ಲಿ ಸೇರಿದಾಗ ಉಮಾಶ್ರೀ ಎದ್ದು ನಿಂತು, ಯಾರಿಗೆ ಎಷ್ಟು ಹಿಡಿಯಬೇಕಿತ್ತು, ಎಷ್ಟು ಹಿಡಿದಿದ್ದಾರೆ ಎಂದು ಒಂದೊಂದೇ ಹೆಸರು ಹಿಡಿದು ಹೇಳಿದಳು.

ಗಣಿತದ ಮಾಸ್ತರರು ಮೊದಲು ಪೆನ್ನು ಮುಚ್ಚಿದರು. ಮಾಳಪ್ಪ ಮುಂದೆ ಬಂದು ಕೇಳಿದ: "ಉಮಾಶ್ರೀ ಬಾಯಾರ, ನಾ ಸಹಿ ಮಾಡಲಿಲ್ಲಂದ್ರ ಕೆಲಸ ಹೋಗತೈತೇನ್ರಿ?"

"ಹೋಗೂದಿದ್ರ ಮೊದಲ ನಂದ ಹೋಗಬೇಕು," ಎಂದಳು.

ಅಂದು ಯಾರೂ ಸಹಿ ಹಾಕಲಿಲ್ಲ. ಸಂಬಳವಿಲ್ಲದೆ ವಾರ ಕಳೆಯಿತು. ಕೆಲವರು ಅವಳ ಮೇಲೇ ಸಿಡುಕಿದರು. ಕಡೆಗೆ ಸುದ್ದಿ ಸಂಸ್ಥೆಯ ಸದಸ್ಯರಿಗೆ ಮುಟ್ಟಿತು. ಇದು ತೆರಿಗೆ ಇಲಾಖೆಯವರೆಗೆ ಹೋದರೆ ಹಳೆಯ ಲೆಕ್ಕಗಳನ್ನೂ ಕೆದಕಬಹುದೆಂಬ ಹೆದರಿಕೆಯಲ್ಲಿ ಅವರು ಹಳೆಯ ರೀತಿಯಲ್ಲೇ ಕಡಿತ ಮಾಡಿಸಿ ಸಂಬಳ ಕೊಡಿಸಿದರು.

ಕಾಡಪ್ಪ ಸುಮ್ಮನಿರಲಿಲ್ಲ. ಮರುತಿಂಗಳೇ ಅವಳನ್ನು ಸಂಸ್ಥೆಯ ನೇಸರಗಿ ಶಾಲೆಗೆ ವರ್ಗ ಮಾಡಿದರು. ದಿನವೂ ಎರಡು ಹೊತ್ತು ಬಸ್ಸು. "ಒಂದು ಮಾತು ತಪ್ಪಾತು ಅಂದಿದ್ರ ಇಲ್ಲೇ ಇರತಿದ್ದಿ," ಎಂದು ತಾಯಿ ಗುರುಬಸವ್ವ ಕಣ್ಣೊರೆಸಿಕೊಂಡರು.

"ತಪ್ಪು ನಂದಲ್ಲವ್ವ," ಎಂದು ಉಮಾಶ್ರೀ ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಹೊರಟಳು.